‘ತಪ್ಪು ತಿಳ್ಕಬ್ಯಾಡ್ರಿ, ಒಂದ್ ಮಾತು ಕೇಳ್ಲಾ?’ ಅಂದವರಿಗೆ ಕಿವಿ ಕೊಡುವುದು ಹೇಗೆ

ದಾವಣಗೆರೆ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಬಹಳ ವರ್ಷ ನರ್ಸ್ ಆಗಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯವನ್ನು ಜನ ಬಂದ ಕೂಡಲೇ ಹೇಳುವುದಿಲ್ಲ. ಮಗುವಿನ ಕೆಮ್ಮು, ಬಿಪಿ ಮಾತ್ರೆ, ತಲೆನೋವು ಎಲ್ಲ ಮುಗಿದ ಮೇಲೆ, ಎದ್ದು ಬಾಗಿಲ ಹತ್ತಿರ ಹೋದವರು ತಿರುಗಿ ನಿಂತು ಕೇಳುತ್ತಾರೆ. ಅವರು ಬಂದಿದ್ದೇ ಆ ಮಾತಿಗೆ ಅಂತ ಎಷ್ಟೋ ಸಲ ಆಗಲೇ ಗೊತ್ತಾಗುತ್ತದೆ.

ಆಶಾ ಕಾರ್ಯಕರ್ತೆ, ಮೆಡಿಕಲ್ ಶಾಪಿನವರು, ಹೈಸ್ಕೂಲ್ ಟೀಚರ್, ಮನೆಯ ದೊಡ್ಡಕ್ಕ, ಯಾರಿಗೆ ಬೇಕಾದರೂ ಇಂಥ ಪ್ರಶ್ನೆ ಬರಬಹುದು. ಆಗ ಏನು ಮಾಡಬೇಕು ಎಂಬುದನ್ನು ಒಬ್ಬ ಹೆಂಗಸಿನ ವಿಷಯ ಇಟ್ಟುಕೊಂಡೇ ಹೇಳುತ್ತೇನೆ. ಅವರು ಯಾರೆಂದು ತಿಳಿಯದಂತೆ ವಿವರ ಬದಲಿಸಿದ್ದೇನೆ. ವಯಸ್ಸು ನಲವತ್ತು ದಾಟಿತ್ತು, ಮೂರು ಹೆರಿಗೆಯಾಗಿತ್ತು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಬಿಪಿ ಮಾತ್ರೆ ತಗೊಂಡು ಹೊರಟವರು ಬಾಗಿಲಲ್ಲಿ ನಿಂತು, ‘ಸಿಸ್ಟರ್, ತಪ್ಪು ತಿಳ್ಕಬ್ಯಾಡ್ರಿ. ನಮ್ ಕಡೆಯೋರೊಬ್ರಿಗೆ ಒಂದ್ ತೊಂದ್ರೆ ಐತಿ’ ಅಂದರು.

ಹಂತ 1: ಆ ಕ್ಷಣವನ್ನು ಕೈಬಿಡಬೇಡಿ

‘ಸುಮ್ನೆ ಕೇಳ್ತಿದ್ದೀನಿ’, ‘ನನ್ನ ಫ್ರೆಂಡಿಗೆ’, ‘ಟಿವೀಲಿ ನೋಡಿದೆ’ ಅನ್ನುವುದೆಲ್ಲ ಇದರ ಬೇರೆ ಬೇರೆ ರೂಪ. ಮೆಡಿಕಲ್ ಶಾಪಿನಲ್ಲಾದರೆ, ಉಳಿದ ಗಿರಾಕಿಗಳು ಹೋಗಲಿ ಅಂತ ಪಕ್ಕಕ್ಕೆ ಸರಿದು ನಿಲ್ಲುವವರು.

‘ನಿಮಗೇ ಅಲ್ವಾ ತೊಂದರೆ?’ ಅಂತ ಕೇಳಿಬಿಟ್ಟರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ‘ನಮ್ಮ ಕಡೆಯವರು’ ಅನ್ನುವುದನ್ನು ಸುಳ್ಳು ಅಂದುಕೊಳ್ಳಬೇಡಿ. ನೀವು ಹೇಗೆ ತಗೊಳ್ಳುತ್ತೀರಿ ಅಂತ ಅವರು ಮೊದಲು ನೋಡುತ್ತಿದ್ದಾರೆ. ಹಾಗಾಗಿ ಆ ‘ಅವರ’ ಬಗ್ಗೆಯೇ ಮಾತು ಮುಂದುವರಿಸಿ.

‘ಅದಕ್ಕೇನಂತೆ, ಹೇಳಿ’ ಅನ್ನುವುದು ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತು. ಆದರೆ ಬಾಗಿಲಲ್ಲೇ, ಹತ್ತು ಜನರ ಮುಂದೆಯೇ ಹೇಳಿ ಅಂದಹಾಗೆ ಆಗುತ್ತದೆ. ನಾನು ಹೇಳುತ್ತಿದ್ದದ್ದು ಇಷ್ಟು: ‘ಕೇಳಿದ್ದು ಒಳ್ಳೇದಾಯ್ತು. ಒಳಗೆ ಬನ್ನಿ, ಕೂತು ಮಾತಾಡೋಣ.’ ಆಗ ಪುರುಸೊತ್ತು ಇಲ್ಲದಿದ್ದರೆ ಅದನ್ನೂ ಬಿಚ್ಚಿ ಹೇಳಬೇಕು. ‘ಇನ್ನೂ ನಾಲ್ಕು ಜನ ಇದ್ದಾರೆ, ಅರ್ಧ ಗಂಟೆ ಕೂತಿರ್ತೀರಾ? ಕೊನೆಗೆ ನೀವೊಬ್ಬರೇ ಇರ್ತೀರಿ.’ ‘ಇನ್ನೊಂದ್ಸಲ ಬನ್ನಿ’ ಅಂತ ಕಳಿಸಿದರೆ ಬಹಳ ಜನ ಮತ್ತೆ ಬರುವುದಿಲ್ಲ.

ಹಂತ 2: ಕಣ್ಣಿಗಲ್ಲ, ಕಿವಿಗೆ ಮರೆ ಮಾಡಿ

ಬಹಳ ಕಡೆ ತಪ್ಪುವುದು ಇಲ್ಲೇ. ಹಸಿರು ಪರದೆ ಎಳೆದರೆ ಮರೆಯಾಯಿತು ಅಂದುಕೊಳ್ಳುತ್ತೇವೆ. ಪರದೆಯ ಆಚೆ ಬೆಂಚಿನಲ್ಲಿ ಕೂತವರಿಗೆ ಪ್ರತಿ ಮಾತೂ ಕೇಳಿಸುತ್ತಿರುತ್ತದೆ, ಒಳಗಿರುವವರಿಗೂ ಅದು ಗೊತ್ತಿರುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಒಬ್ಬರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನೀವು ಒಳಗೆ ಮಾಮೂಲಿ ದನಿಯಲ್ಲಿ ಮಾತಾಡಿ. ದನಿ ಕೇಳಿದರೆ ಚಿಂತೆ ಇಲ್ಲ, ಮಾತು ಅರ್ಥವಾದರೆ ಆ ಜಾಗ ಆಗುವುದಿಲ್ಲ. ನಮ್ಮಲ್ಲಿ ಬೇರೆ ಕೋಣೆ ಇರಲಿಲ್ಲ. ಹೊರಗಿನ ಬೆಂಚನ್ನು ನಾಲ್ಕು ಮಾರು ದೂರ ಸರಿಸಿ, ಬಾಗಿಲ ಪಕ್ಕದ ಫ್ಯಾನ್ ಹಾಕಿದೆವು. ಅಷ್ಟರಲ್ಲೇ ಬಹಳ ಬದಲಾಯಿತು. ಹಳ್ಳಿ ಮನೆಯಲ್ಲಾದರೆ ಪಡಸಾಲೆಗಿಂತ ಹಿತ್ತಲು ವಾಸಿ.

ಬಾಗಿಲು ಮುಂದೆ ಮಾಡಿ, ಚಿಲಕ ಹಾಕಬೇಡಿ. ಚಿಲಕ ಬಿದ್ದರೆ ಸಿಕ್ಕಿಕೊಂಡ ಹಾಗಾಗುತ್ತದೆ. ಗಂಡಸು ಹೆಂಗಸು ಒಳಗಿದ್ದರಂತೂ ಬೇಡವೇ ಬೇಡ. ಬಾಗಿಲಿಗೆ ಹತ್ತಿರದ ಕುರ್ಚಿ ಅವರಿಗೇ ಇರಲಿ. ಎದುರಾಬದುರು ಕೂತರೆ ಪೊಲೀಸ್ ವಿಚಾರಣೆ ಥರ ಆಗುತ್ತದೆ. ಸ್ವಲ್ಪ ಓರೆಯಾಗಿ ಕೂತರೆ ಅವರು ನೆಲ ನೋಡಿಕೊಂಡು ಮಾತಾಡಬಹುದು. ಮೊಬೈಲ್ ಬೋರಲು ಹಾಕಿ, ರಿಜಿಸ್ಟರ್ ಮುಚ್ಚಿಡಿ. ತೆರೆದ ರಿಜಿಸ್ಟರ್, ಕೈಯಲ್ಲಿ ಪೆನ್ನು ಕಂಡರೆ ಯಾರೂ ಬಾಯಿ ಬಿಡುವುದಿಲ್ಲ.

ಜೊತೆಗೆ ಬಂದ ಅತ್ತೆಯೋ ಗಂಡನೋ ಎದ್ದು ಹೋಗದಿದ್ದರೆ? ‘ನೀವು ಹೊರಗಿರಿ’ ಅಂದರೆ ಮನೆಗೆ ಹೋದ ಮೇಲೆ ‘ಒಳಗೆ ಏನು ಹೇಳಿದೆ’ ಅಂತ ವಿಚಾರಣೆ ಶುರುವಾಗುತ್ತದೆ. ಎಲ್ಲರಿಗೂ ಒಂದೇ ನಿಯಮ ಇಟ್ಟುಬಿಡಿ. ‘ಇಲ್ಲಿ ಸ್ವಲ್ಪ ಹೊತ್ತು ಒಬ್ಬೊಬ್ಬರನ್ನೇ ನೋಡ್ತೀವಿ ಅಮ್ಮಾ, ಆಮೇಲೆ ನಿಮ್ಮನ್ನೂ ಕರೀತೀನಿ.’ ಆ ನಿಯಮವನ್ನು ದಿನವೂ, ಎಲ್ಲರಿಗೂ ಪಾಲಿಸಿದರೆ ಯಾರ ಮೇಲೂ ಅನುಮಾನ ಬರುವುದಿಲ್ಲ.

ಹಂತ 3: ಏನು ನಿಮ್ಮಲ್ಲೇ ಉಳಿಯುತ್ತದೆ ಅಂತ ಮೊದಲೇ ಹೇಳಿ

‘ಯಾರಿಗೂ ಹೇಳಲ್ಲ, ದೇವರಾಣೆ’ ಅನ್ನಬೇಡಿ. ಆ ಮಾತು ಉಳಿಸಿಕೊಳ್ಳಲು ಆಗದ ಸಂದರ್ಭಗಳಿವೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿದವರು ಟೀಚರ್ ಆಗಲಿ, ನರ್ಸ್ ಆಗಲಿ, ಪಕ್ಕದ ಮನೆಯವರಾಗಲಿ ಎಲ್ಲರಿಗೂ ಇದು ಅನ್ವಯ. ಜೀವ ಕಳೆದುಕೊಳ್ಳುವ ಮಾತು ಬಂದರೂ ನಾವೊಬ್ಬರೇ ಇಟ್ಟುಕೊಂಡು ಕೂರಲಾಗದು. ಆಗ ಅವರ ಎದುರಿಗೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟನ್ನು ಭಾಷಣ ಮಾಡದೆ ಎರಡು ಮಾತಲ್ಲಿ ಹೇಳಬಹುದು: ‘ನೀವು ಹೇಳಿದ್ದನ್ನ ನಿಮ್ಮನ್ನ ಕೇಳದೆ ನಾನು ಯಾರ ಹತ್ರಾನೂ ಹೇಳಲ್ಲ. ಯಾರದಾದ್ರೂ ಜೀವಕ್ಕೆ, ಇಲ್ಲ ಮಕ್ಕಳಿಗೆ ಅಪಾಯ ಇದ್ದರೆ ಮಾತ್ರ ಇನ್ನೊಬ್ಬರ ಸಹಾಯ ತಗೋಬೇಕಾಗುತ್ತೆ, ಅದನ್ನೂ ನಿಮಗೆ ಹೇಳೇ ಮಾಡ್ತೀನಿ.’ ಎಲ್ಲಾ ಹೇಳಿಕೊಂಡ ಮೇಲೆ ಇದನ್ನು ಹೇಳಿದರೆ ಮೋಸ ಹೋದ ಹಾಗೆ ಅನಿಸುತ್ತದೆ. ಅದಕ್ಕೇ ಮೊದಲೇ ಹೇಳಬೇಕು.

ಹಂತ 4: ಮಾತು ಹೊರಗೆ ಬರುವವರೆಗೆ ಕಾಯಿರಿ

ಒಳಗೆ ಬಂದು ಕೂತ ಮೇಲೂ ಆ ಹೆಂಗಸು ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಆಗ ನಾವೇ ಊಹೆ ಮಾಡತೊಡಗುತ್ತೇವೆ. ‘ಬಿಳಿ ಹೋಗುತ್ತಾ? ಮುಟ್ಟಿನ ತೊಂದರೆನಾ? ಗಂಡ ಹೊಡೀತಾನಾ?’ ತಪ್ಪು ಊಹೆ ಮಾಡಿದರೆ ಅವರು ನಾಚಿಕೆಯಿಂದ ‘ಹೂಂ’ ಅಂದು ಅದಕ್ಕೇ ಔಷಧಿ ತಗೊಂಡು ಹೋಗುವುದೂ ಉಂಟು. ನಾನು ಮನಸ್ಸಿನಲ್ಲೇ ಐದು ಉಸಿರು ಎಣಿಸುತ್ತಿದ್ದೆ. ಎಣಿಕೆ ಮುಗಿಯುವಷ್ಟರಲ್ಲಿ ಬಹಳ ಸಲ ಅವರೇ ಶುರು ಮಾಡುತ್ತಾರೆ.

ಆದರೂ ಬಾರದಿದ್ದರೆ ಒಂದು ದಾರಿ ಇದೆ. 1970ರ ದಶಕದಲ್ಲಿ ಜ್ಯಾಕ್ ಅನ್ನಾನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಲೈಂಗಿಕ ತೊಂದರೆಗಳ ಬಗ್ಗೆ ಮಾತಾಡಲು ಒಂದು ಕ್ರಮ ಹಾಕಿಕೊಟ್ಟರು. ಅದರ ಮೊದಲ ಮೆಟ್ಟಿಲು ‘ಅನುಮತಿ’. ಈ ವಿಷಯವನ್ನು ಇಲ್ಲಿ ಮಾತಾಡಬಹುದು ಎಂದು ತೋರಿಸಿಕೊಡುವುದು. ‘ಹೆರಿಗೆ ಆದ ಎಷ್ಟೋ ಹೆಂಗಸರು ಒಂದಕ್ಕೆ ಹೋಗೋ ತೊಂದರೆ, ಕೆಳಗಿನ ತೊಂದರೆ ಅಂತ ಬಂದು ಕೇಳ್ತಾರೆ. ಅಂಥದ್ದೇನಾದ್ರೂ ಇದ್ರೆ ಹೇಳಬಹುದು’ ಅಂದೆ. ಅವರು ತಲೆ ಎತ್ತದೆ, ‘ಕೆಮ್ಮಿದ್ರೆ ಸೀರೆ ಒದ್ದೆ ಆಗ್ತತಿ ಸಿಸ್ಟರ್’ ಅಂದರು. ‘ನಮ್ ಕಡೆಯೋರು’ ಅಲ್ಲಿಗೆ ಹೊರಟುಹೋಗಿದ್ದರು. ನಾನು ಅದನ್ನು ಎತ್ತಿ ತೋರಿಸಲಿಲ್ಲ.

ಈ ಹೊತ್ತಿನಲ್ಲಿ ಮುಖ ಮುಖ್ಯ. ‘ಅಯ್ಯೋ ಪಾಪ’ ಬೇಡ, ನಗುವೂ ಬೇಡ. ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಅಂತೂ ಬೇಡವೇ ಬೇಡ, ಅದು ಬೈದ ಹಾಗೆ ಕೇಳಿಸುತ್ತದೆ. ಅವರು ಬಳಸಿದ ಮಾತನ್ನೇ ನೀವೂ ಬಳಸಿ. ‘ಸೀರೆ ಒದ್ದೆ ಆಗೋದು’ ಅಂದರೆ ಅದೇ ಮಾತು. ನಾವು ದೊಡ್ಡ ಪದ ತಂದರೆ ಅವರ ತೊಂದರೆ ನಮ್ಮದಾಗಿಬಿಡುತ್ತದೆ.

ಹಂತ 5: ಒಪ್ಪಿಗೆ ಕೇಳಿ ಪ್ರಶ್ನೆ ಕೇಳಿ, ಸ್ವಲ್ಪವೇ ಹೇಳಿ

‘ಎರಡು ಮೂರು ವಿಷಯ ಕೇಳಬಹುದಾ? ಬೇಡ ಅನಿಸಿದ್ದಕ್ಕೆ ಉತ್ತರ ಕೊಡದಿದ್ದರೂ ನಡೆಯುತ್ತೆ’ ಅಂತ ಶುರು ಮಾಡಿದೆ. ಪ್ರತಿ ಪ್ರಶ್ನೆಗೂ ಒಂದು ಕಾರಣ ಇರಬೇಕು, ಕುತೂಹಲಕ್ಕೆ ಒಂದೂ ಬೇಡ. ಕೆಮ್ಮಿದಾಗ, ಭಾರ ಎತ್ತಿದಾಗ ಮಾತ್ರ ಆಗುತ್ತಾ, ಇಲ್ಲ ತಡೆಯಲಾರದಷ್ಟು ಅವಸರ ಬಂದು ಆಗುತ್ತಾ? ಉರಿ, ರಕ್ತ, ಜ್ವರ ಇದೆಯಾ? ಕೆಳಗೆ ಗೆಡ್ಡೆ ಥರ ಏನಾದರೂ ಕೈಗೆ ಸಿಗುತ್ತಾ?

ಅವರಿಗೆ ಕೆಮ್ಮಿದಾಗ ಮತ್ತು ಅಕ್ಕಿ ಚೀಲ ಎತ್ತಿದಾಗ ಮಾತ್ರ ಆಗುತ್ತಿತ್ತು. ಮೂತ್ರಚೀಲವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯು ಹೆರಿಗೆಯಲ್ಲಿ ಸಡಿಲವಾದಾಗ ಹೀಗಾಗುತ್ತದೆ. ಒದ್ದೆಯಾಗುತ್ತದೆ ಅಂತ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು, ಅದೂ ಭಟ್ಟಿಯ ಆ ಬಿಸಿಯಲ್ಲಿ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ, ಸೋಂಕು, ಕಲ್ಲು ಬರಬಹುದು.

ನಾನು ಹೇಳಿಕೊಟ್ಟಿದ್ದು ಮೂರೇ. ನೀರು ಕುಡಿಯಿರಿ, ಚೀಲ ಎತ್ತುವ ಮುಂಚೆ ಒಂದಕ್ಕೆ ಹೋಗಿ ಬನ್ನಿ. ಗಾಳಿಯನ್ನೂ ಮೂತ್ರವನ್ನೂ ತಡೆಯುವ ಹಾಗೆ ಒಳಗೆ ಬಿಗಿ ಹಿಡಿದು ಬಿಡಿ, ಒಂದು ಸಲಕ್ಕೆ 8, ದಿನಕ್ಕೆ 3 ಸಲ. ಹೊಟ್ಟೆ, ಕುಂಡಿ ಬಿಗಿಯಾಗಬಾರದು, ಉಸಿರು ಕಟ್ಟಬಾರದು. ಕೆಮ್ಮು ಬಂತು ಅನ್ನುವಾಗಲೂ ಮೊದಲು ಹಾಗೇ ಬಿಗಿ ಹಿಡಿಯಿರಿ. ಇದರ ಫಲ ಕಾಣಲು ಕನಿಷ್ಠ 3 ತಿಂಗಳು ಬೇಕು ಅಂತಲೂ ಹೇಳಿದೆ. ಹೇಳದಿದ್ದರೆ ವಾರದಲ್ಲಿ ಬಿಟ್ಟುಬಿಡುತ್ತಾರೆ. ರಕ್ತ, ಜ್ವರದ ಜೊತೆ ಉರಿ, ಮೂತ್ರ ಬಾರದೇ ಇರುವುದು, ಕೈಗೆ ಸಿಗುವ ಗೆಡ್ಡೆ, ಹೆರಿಗೆಯಾದ ಮೇಲೆ ಹಗಲೂ ರಾತ್ರಿ ಸೋರುವುದು, ಇವುಗಳಲ್ಲಿ ಒಂದಿದ್ದರೂ ವ್ಯಾಯಾಮ ಮಾಡುತ್ತ ಕೂರದೆ ಡಾಕ್ಟರಿಗೆ ತೋರಿಸಬೇಕು.

ಹಂತ 6: ಆಮೇಲಿನ ನಡವಳಿಕೆ

ಇದಕ್ಕೂ ಮುಂಚೆ ನಾನೊಂದು ತಪ್ಪು ಮಾಡಿದ್ದೆ. ಹೀಗೇ ಗುಟ್ಟಾಗಿ ಕೇಳಿ ಹೋಗಿದ್ದ ಒಬ್ಬ ಹುಡುಗಿ ಸಂತೆಯಲ್ಲಿ ಸಿಕ್ಕಳು. ಖುಷಿಯಿಂದ, ‘ಹೇಗಿದೆಯಮ್ಮ ಈಗ, ಕಡಿಮೆ ಆಯ್ತಾ?’ ಅಂದುಬಿಟ್ಟೆ. ಪಕ್ಕದಲ್ಲಿ ಅವಳ ದೊಡ್ಡಮ್ಮ ಇದ್ದರು. ‘ಏನೇ ಅದು ಕಡಿಮೆ ಆಗೋದು?’ ಅಂತ ಅವರು ತಿರುಗಿ ಕೇಳಿದಾಗ ಹುಡುಗಿಯ ಮುಖ ಹೇಗಾಯಿತು ಅಂತ ಇವತ್ತೂ ನೆನಪಿದೆ. ಅವಳು ಮತ್ತೆ ನಮ್ಮ ಕೇಂದ್ರದ ಕಡೆ ಬರಲಿಲ್ಲ.

ಆವತ್ತಿನಿಂದ ಹೊರಡುವ ಮುಂಚೆಯೇ ಮಾತು ಮಾಡಿಕೊಳ್ಳುತ್ತಿದ್ದೆ. ಹೊರಗೆ ಸಿಕ್ಕರೆ ಅವರಾಗಿ ಮಾತಾಡಿಸಿದರೆ ಮಾತ್ರ ಮಾತು, ಅದೂ ಊಟ ಆಯ್ತಾ, ಮಳೆ ಬಂತಾ ಅನ್ನುವಷ್ಟೇ. ಮತ್ತೆ ಆ ವಿಷಯ ಮಾತಾಡಬೇಕಿದ್ದರೆ ಒಂದು ಗುರುತಿನ ಮಾತು. ಭಟ್ಟಿಯ ಹೆಂಗಸಿಗೆ ‘ಬಿಪಿ ಇನ್ನೊಂದ್ಸಲ ನೋಡ್ರಿ’ ಅನ್ನಲು ಹೇಳಿದ್ದೆ.

ಮೂರು ತಿಂಗಳ ಮೇಲೆ ಅವರು ಹಾಗೇ ಅಂದರು. ಕೆಮ್ಮಿದಾಗ ನಿಂತಿತ್ತು, ಚೀಲ ಎತ್ತಿದಾಗ ಇನ್ನೂ ಆಗುತ್ತಿತ್ತು. ಜಿಲ್ಲಾ ಆಸ್ಪತ್ರೆಯ ಹೆಣ್ಣುಮಕ್ಕಳ ಡಾಕ್ಟರಿಗೆ ತೋರಿಸಿ ಅಂದೆ. ‘ಅಲ್ಲಿ ಚೀಟಿ ಮಾಡ್ಸೋ ಕಡೆ ಎಲ್ರ ಮುಂದ ಏನಂತ ಹೇಳ್ಲಿ?’ ಅಂದರು. ತೊಂದರೆ, ಎಷ್ಟು ದಿನದಿಂದ, ಯಾವ ವ್ಯಾಯಾಮ ಮಾಡಿದ್ದಾರೆ, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು, ಮಡಿಸಿ, ಲಕೋಟೆಗೆ ಹಾಕಿ ಅಂಟಿಸಿದೆ. ‘ಕೌಂಟರಿನಲ್ಲಿ ಲೇಡಿ ಡಾಕ್ಟರಿಗೆ ತೋರಿಸಬೇಕು ಅಂತಷ್ಟೇ ಹೇಳಿ. ಇದನ್ನು ಒಳಗೆ ಹೋದ ಮೇಲೆ ಅವರ ಕೈಗೇ ಕೊಡಿ’ ಅಂದೆ. ಲಕೋಟೆಯನ್ನು ಕುಪ್ಪಸದೊಳಗೆ ಇಟ್ಟುಕೊಂಡು, ಬೆಂಚಿನಲ್ಲಿದ್ದವರಿಗೆ ಕೇಳಿಸುವ ಹಾಗೆ ‘ಬಿಪಿ ಸರಿ ಐತಂತೆ’ ಅನ್ನುತ್ತ ಹೊರಗೆ ಹೋದರು.