ಮೂವತ್ತೆರಡು ಡಾಲರ್ ಎಲ್ಲಿಂದ ಬಂತು?

ಹಾಸನ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೆಳೆಗಾರರಿಂದ ಚೆರ್ರಿ, ಪಾರ್ಚ್‌ಮೆಂಟ್ ಕೊಂಡು, ಹದ ಮಾಡಿ, ಹೊರದೇಶಕ್ಕೆ ಕಳಿಸುವ ವ್ಯವಹಾರ ನಮ್ಮದು. ಖರೀದಿದಾರರಿಂದ ದುಡ್ಡು ಬರುವುದು ಎರಡು ಮೂರು ತಿಂಗಳ ಮೇಲೆ. ಬೆಳೆಗಾರರಿಗೆ ಮಾತ್ರ ಅಂದಂದೇ ಕೊಡಬೇಕು. ಈ ನಡುವಿನ ಅಂತರ ತುಂಬಿಸಲು ಬ್ಯಾಂಕಿನಿಂದ ಪ್ಯಾಕಿಂಗ್ ಕ್ರೆಡಿಟ್ ತೆಗೆಯುತ್ತೇವೆ. ಬಹಳ ವರ್ಷ ಅದನ್ನು ರೂಪಾಯಿಯಲ್ಲೇ ತೆಗೆದಿದ್ದೆವು. 2025ರ ಮಾರ್ಚ್‌ನಲ್ಲಿ ಮೊದಲ ಸಲ ಡಾಲರ್‌ನಲ್ಲಿ ತೆಗೆದೆವು: 80,000 ಡಾಲರ್, ವರ್ಷಕ್ಕೆ ಶೇ. 6.5 ಬಡ್ಡಿ.

ಜೂನ್ 10ರಂದು ಸಾಲ ತೀರಿತು. ನನ್ನ ಹಾಳೆಯಲ್ಲಿ ಬಡ್ಡಿ 1,282.19 ಡಾಲರ್ ಇತ್ತು, ಬ್ಯಾಂಕ್ ಕಡಿದುಕೊಂಡದ್ದು 1,314.44. ವ್ಯತ್ಯಾಸ 32.25 ಡಾಲರ್, ನಮ್ಮ ದುಡ್ಡಲ್ಲಿ ಎರಡೂವರೆ ಸಾವಿರದ ಮೇಲೆ. ಮಾಲೀಕರು ಬಗ್ಗಿ ನೋಡಿ, "ಏನ್ರೀ, ತಾಳೆ ಆಗ್ತಿಲ್ವಾ?" ಅಂದರು. ಬ್ಯಾಂಕಿಗೆ ಫೋನ್ ಮಾಡಿ ಜಗಳ ತೆಗೆಯುವ ಮೊದಲು ಒಂದು ಸಲ ನಾನೇ ಬಿಡಿಸಿ ನೋಡೋಣ ಅನ್ನಿಸಿತು. ಆ ದಿನ ಫೋನ್ ಮಾಡದೇ ಇದ್ದದ್ದು ಒಳ್ಳೆಯದಾಯಿತು.

ನಾನು ಹಾಕಿದ್ದ ಲೆಕ್ಕ ಹೀಗಿತ್ತು. 80,000ಕ್ಕೆ ಶೇ. 6.5ರಂತೆ ಇಡೀ ವರ್ಷದ ಬಡ್ಡಿ 5,200 ಡಾಲರ್. ಮಾರ್ಚ್ 12ರಿಂದ ಜೂನ್ 10ರವರೆಗೆ ಎಣಿಸಿದರೆ ಮಾರ್ಚ್‌ನಲ್ಲಿ 19, ಏಪ್ರಿಲ್‌ನಲ್ಲಿ 30, ಮೇನಲ್ಲಿ 31, ಜೂನ್‌ನಲ್ಲಿ 10, ಒಟ್ಟು 90 ದಿನ. ಸಾಲ ಕೊಟ್ಟ ದಿನ, ತೀರಿಸಿದ ದಿನ, ಇವೆರಡರಲ್ಲಿ ಒಂದನ್ನು ಮಾತ್ರ ಎಣಿಸಬೇಕು, ಎರಡನ್ನೂ ಎಣಿಸಿದರೆ ಒಂದು ದಿನ ಹೆಚ್ಚಾಗುತ್ತದೆ. 5,200 ಗುಣಿಸು 90, ಭಾಗಿಸು 365: ಬಂದದ್ದು 1,282.19. ರೂಪಾಯಿ ಸಾಲಕ್ಕೆ ಇಷ್ಟು ವರ್ಷ ಹೀಗೇ ಹಾಕಿ ತಾಳೆ ಆಗುತ್ತಿತ್ತು. ವರ್ಷದ ನಿಜವಾದ ದಿನಗಳಿಂದ ಭಾಗಿಸುವ ಈ ಕ್ರಮಕ್ಕೆ ನಿಖರ ಬಡ್ಡಿ ಎನ್ನುತ್ತಾರೆ.

ಡಾಲರ್ ಸಾಲದಲ್ಲಿ ರೂಢಿ ಬೇರೆ. ಅಲ್ಲಿ ದಿನಗಳನ್ನು ಕ್ಯಾಲೆಂಡರ್ ನೋಡಿಯೇ ಎಣಿಸುತ್ತಾರೆ, ಆದರೆ ವರ್ಷವನ್ನು 360 ದಿನ ಅಂತ ಹಿಡಿಯುತ್ತಾರೆ. ಇದು ಸಾಮಾನ್ಯ ಬಡ್ಡಿ. ಯೂರೋಗೂ 360, ಪೌಂಡಿಗೆ ನಮ್ಮ ಹಾಗೆ 365. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ 360 ಬಲು ಅನುಕೂಲದ ಸಂಖ್ಯೆ: 30, 45, 60, 90, 120 ಯಾವುದರಿಂದಲೂ ಸಲೀಸಾಗಿ ಭಾಗವಾಗುತ್ತದೆ. ನಮಗೇನೂ ಇದು ಹೊಸದಲ್ಲ. "ನೂರಕ್ಕೆ ಎರಡು ರೂಪಾಯಿ ಬಡ್ಡಿ" ಅಂದಾಗ ತಿಂಗಳಿಗೆ ಮೂವತ್ತು ದಿನ ಅಂತ ಹಿಡಿದು ಒಂದೂವರೆ ತಿಂಗಳಿಗೆ ಮೂರು ರೂಪಾಯಿ ಹೇಳುತ್ತೇವಲ್ಲ, ಅದೂ 360ರ ಲೆಕ್ಕವೇ. ಐವತ್ತು ಸಾವಿರಕ್ಕೆ 45 ದಿನಕ್ಕೆ ಅದು 1,500 ರೂಪಾಯಿ. ಅದನ್ನೇ ವರ್ಷಕ್ಕೆ ಶೇ. 24 ಅಂತ ಹಿಡಿದು 365ರಿಂದ ಭಾಗಿಸಿದರೆ 1,479.45.

ಸರಿ, 360 ಹಾಕಿ ನೋಡಿದೆ: 5,200 ಗುಣಿಸು 90, ಭಾಗಿಸು 360, ಅಂದರೆ 1,300. ಬ್ಯಾಂಕಿನ ಅಂಕಿ ಆಗಲೂ ಸಿಗಲಿಲ್ಲ. ಪಕ್ಕದ ಮೇಜಿನ ಹುಡುಗ, "ಸರ್, ಎಕ್ಸೆಲ್‌ನಲ್ಲಿ 360ಕ್ಕೇ ಅಂತ ಒಂದು ಫಂಕ್ಷನ್ ಇದೆ" ಅಂತ `DAYS360` ಹಾಕಿಕೊಟ್ಟ. ಹೆಸರು ಕೇಳಿದರೆ ಇದಕ್ಕೇ ಮಾಡಿದ್ದು ಅನ್ನಿಸಬೇಕು, ಆದರೆ ಅದು ಭಾಗಿಸುವ ಸಂಖ್ಯೆಯನ್ನಲ್ಲ, ದಿನಗಳನ್ನೇ ಬದಲಿಸುತ್ತದೆ. ಪ್ರತಿ ತಿಂಗಳಿಗೂ 30 ದಿನ ಅಂತ ಹಿಡಿಯುವುದರಿಂದ ಮಾರ್ಚ್ 12ರಿಂದ ಜೂನ್ 10ಕ್ಕೆ 88 ದಿನ ತೋರಿಸಿತು. ಎರಡು ದಿನ ಮಾಯ! ನಮ್ಮ ಡಾಲರ್ ಸಾಲಕ್ಕೆ ಬೇಕಾದದ್ದು ತಾರೀಖಿನಿಂದ ತಾರೀಖು ಕಳೆದು ಬರುವ ನಿಜವಾದ ದಿನ, ಭಾಗಿಸಲು 360.

ಆಮೇಲೆ ವ್ಯತ್ಯಾಸವನ್ನೇ ಎರಡು ತುಂಡು ಮಾಡಿದೆ. 365ಕ್ಕೂ 360ಕ್ಕೂ ಇರುವ ಅನುಪಾತವನ್ನು ಐದರಿಂದ ಇಳಿಸಿದರೆ 73ಕ್ಕೆ 72. ಹಾಗಾಗಿ ದರ, ದಿನ, ಅಸಲು ಏನೇ ಇರಲಿ, ನಿಖರ ಬಡ್ಡಿಗೆ ಅದರ 72ನೇ ಒಂದು ಭಾಗ ಸೇರಿಸಿದರೆ ಸಾಮಾನ್ಯ ಬಡ್ಡಿ, ಸಾಮಾನ್ಯ ಬಡ್ಡಿಯಿಂದ ಅದರ 73ನೇ ಒಂದು ಭಾಗ ಕಳೆದರೆ ನಿಖರ ಬಡ್ಡಿ. ನನ್ನ 1,282.19ನ್ನು 72ರಿಂದ ಭಾಗಿಸಿದಾಗ 17.81 ಬಂತು. 32.25ರಲ್ಲಿ ಅಷ್ಟು ಕಳೆದರೆ ಉಳಿದದ್ದು 14.44. ಈ 14.44 ಎಲ್ಲೋ ಕಂಡ ಹಾಗಿತ್ತು. 5,200ನ್ನು 360ರಿಂದ ಭಾಗಿಸಿದೆ: 14.44, ಸರಿಯಾಗಿ ಒಂದು ದಿನದ ಬಡ್ಡಿ. ಅಂದರೆ ಬ್ಯಾಂಕ್ 91 ದಿನ ಹಿಡಿದಿದೆ.

ಎರಡೂ ತುದಿಯ ದಿನಗಳನ್ನು ಎಣಿಸಿಬಿಟ್ಟಿದ್ದಾರೆ, ಸಿಕ್ಕಿಬಿದ್ದರು ಅಂದುಕೊಂಡೆ. ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಸಿಕ್ಕಿಬಿದ್ದವನು ನಾನೇ. ಡಾಲರ್ ಸಾಲ ಶುರುವಾದದ್ದು ಮಾರ್ಚ್ 11ರಂದು. ಅದನ್ನು ರೂಪಾಯಿಗೆ ಬದಲಿಸಿದ ಹಣ ನಮ್ಮ ಚಾಲ್ತಿ ಖಾತೆಗೆ ಬಿದ್ದದ್ದು 12ರಂದು. ನಾನು ಮೊಬೈಲ್‌ಗೆ ಬಂದ ಮೆಸೇಜ್ ನೋಡಿ 12 ಅಂತ ಬರೆದುಕೊಂಡಿದ್ದೆ. ಬಡ್ಡಿ ಓಡುವುದು ಸಾಲದ ಖಾತೆಯ ತಾರೀಖಿನಿಂದ, ದುಡ್ಡು ನಮ್ಮ ಕೈಗೆ ಸಿಕ್ಕ ತಾರೀಖಿನಿಂದ ಅಲ್ಲ. ಒಪ್ಪಂದ ತಿರುವಿದರೆ ನಾಲ್ಕನೇ ಪುಟದಲ್ಲಿ 360 ದಿನದ ಮಾತೂ ಇತ್ತು, ಕೆಳಗೆ ನನ್ನ ಎದುರೇ ಮಾಲೀಕರು ಹಾಕಿದ ಸಹಿಯೂ ಇತ್ತು.

ಈಗ ಹಾಳೆಯಲ್ಲಿ ವರ್ಷದ ದಿನಕ್ಕೆ ಅಂತ ಬೇರೆ ಕಾಲಂ ಇಟ್ಟಿದ್ದೇನೆ. A ಸಾಲದ ಖಾತೆಯ ತಾರೀಖು, B ತೀರಿದ ತಾರೀಖು, C ಅಸಲು, D ದರ, E ಒಪ್ಪಂದದಲ್ಲಿರುವ 360 ಅಥವಾ 365:

```
=ROUND(C2*D2*(B2-A2)/E2, 2)
```

ಅಧಿಕ ವರ್ಷ ಬಂದಾಗ ಇನ್ನೊಂದು ಎಚ್ಚರ ಬೇಕು. 366 ದಿನ ಅಂತ ಒಪ್ಪಂದವಿದ್ದರೆ 73ಕ್ಕೆ 72ರ ತಾಳೆ ನಡೆಯುವುದಿಲ್ಲ, ಆಗ ಅನುಪಾತ 61ಕ್ಕೆ 60. ಹಾಳೆಯಲ್ಲಾದರೆ E ಕಾಲಂ ಬದಲಿಸಿದರೆ ಆಯಿತು.

ಆ ಕಾಲಂ ನಿಜವಾಗಿ ಕೆಲಸಕ್ಕೆ ಬಂದದ್ದು ಆಮೇಲೆ, ರೂಪಾಯಿ ಸಾಲದಲ್ಲೇ. ಇಪ್ಪತ್ತು ಲಕ್ಷ 60 ದಿನಕ್ಕೆ ಬೇಕಿತ್ತು. ನಮ್ಮ ಹಳೇ ಬ್ಯಾಂಕ್ ಶೇ. 11 ಹೇಳಿತು. ಒಂದು ಫೈನಾನ್ಸ್ ಕಂಪನಿಯವರು ಶೇ. 10.9 ಅಂತ ಬಂದರು. ಮಾಲೀಕರಿಗೆ ಅದೇ ಅಗ್ಗ ಕಂಡಿತು. ನಾನು ಕೇಳಿದ್ದು ಒಂದೇ: "ವರ್ಷಕ್ಕೆ ಎಷ್ಟು ದಿನ ಹಿಡಿಯುತ್ತೀರಿ?" ಬಂದವರು ಸ್ವಲ್ಪ ತಡೆದು 360 ಅಂದರು. ಅಲ್ಲೇ ಹಾಕಿ ತೋರಿಸಿದೆ. ಬ್ಯಾಂಕಿನದು 365ರ ಲೆಕ್ಕದಲ್ಲಿ 36,164 ರೂಪಾಯಿ, ಇವರದು 36,333. ಶೇ. 10.9 ಅನ್ನುವುದು 365ರ ಲೆಕ್ಕಕ್ಕೆ ತಂದರೆ ಶೇ. 11.05 ಆಗುತ್ತದೆ.

"ನೂರ ಅರವತ್ತೊಂಬತ್ತು ರೂಪಾಯಿಗೆ ಇಷ್ಟೊಂದಾ?" ಅಂತ ಮಾಲೀಕರು ನಕ್ಕರು. ನಕ್ಕು, ಬ್ಯಾಂಕಿನ ಅರ್ಜಿಗೇ ಸಹಿ ಹಾಕಿದರು.