ಮೂವತ್ತು ಸೆಕೆಂಡಿನ ಆನಿಮೇಷನ್ ಜಾಹೀರಾತಿಗೆ ಎಷ್ಟು ಕೇಳಬೇಕು?

ಬೀದಿಯ ಕುರುಕಲು ತಿಂಡಿ ಅಂಗಡಿಯವರು ‘ಚಿಕ್ಕ ವಿಡಿಯೋ ಅಲ್ವಾ, ಎಷ್ಟಾಗುತ್ತೆ?’ ಎಂದು ಕೇಳುತ್ತಾರೆ. ಹೊಸಬರು ನಿಂತಲ್ಲೇ ಒಂದು ಮೊತ್ತ ಹೇಳಿ ಸಿಕ್ಕಿಬೀಳುತ್ತಾರೆ. ‘ನಾಳೆ ಹೇಳ್ತೀನಿ’ ಎಂದು ಮನೆಗೆ ಬನ್ನಿ.

ಮೊದಲು ನಿಮ್ಮ ದಿನದ ದರ. ಮನೆ ನಡೆಸಲು ತಿಂಗಳಿಗೆ 40,000 ರೂಪಾಯಿ, ಕರೆಂಟು, ಇಂಟರ್‌ನೆಟ್, ಸಾಫ್ಟ್‌ವೇರಿಗೆ 5,000 ಬೇಕು ಅಂದುಕೊಳ್ಳಿ. ಇದನ್ನು 25ರಿಂದ ಭಾಗಿಸಬೇಡಿ. ಅಲೆದಾಟ, ಫೋನು, ಕಾಯುವುದು ಕಳೆದರೆ ದುಡ್ಡು ಹುಟ್ಟುವ ದಿನ 15 ಮಾತ್ರ. ದಿನಕ್ಕೆ 3,000 ಆಯಿತು.

ಆಮೇಲೆ ಸ್ಕ್ರಿಪ್ಟ್. ಐವತ್ತು ಪದ ದಾಟಿದರೆ ಓದುವವರಿಗೆ ಉಸಿರು ಕಟ್ಟುತ್ತದೆ.

ಎಡವುವುದು ಶಾಟ್ ಎಣಿಸುವಾಗ. ಸೆಕೆಂಡು ಲೆಕ್ಕಕ್ಕೆ ಬರುವುದಿಲ್ಲ, ಶಾಟಿನಲ್ಲಿ ಏನು ಅಲುಗಾಡುತ್ತದೆ ಎಂಬುದೇ ಲೆಕ್ಕ. ಡಬ್ಬಿಯ ಚಿತ್ರ ಸರಿದು ಬರುವುದಕ್ಕೆ ಅರ್ಧ ದಿನ ಸಾಕು. ಅಜ್ಜಿ ನಡೆದು ಬಂದು ಚಕ್ಕುಲಿ ಮುರಿಯುವುದಕ್ಕೆ ಒಂದೂವರೆ ದಿನ. ಸೆಕೆಂಡಿಗೆ 24 ಫ್ರೇಮ್. ಎರಡೆರಡು ಫ್ರೇಮಿಗೆ ಒಂದು ಚಿತ್ರವೆಂದರೂ ಮೂರು ಸೆಕೆಂಡಿನ ನಡಿಗೆಗೆ 36 ಭಂಗಿ ಬೇಕು. ನಮ್ಮ ಅಂಗಡಿಗೆ ಏಳು ಶಾಟ್: ಸುಲಭದ್ದು ಐದು, ಕಷ್ಟದ್ದು ಎರಡು. ಒಟ್ಟು ಐದೂವರೆ ದಿನ. ಸ್ಕ್ರಿಪ್ಟು, ಸ್ಟೋರಿಬೋರ್ಡಿಗೆ ಒಂದೂವರೆ, ಪಾತ್ರ ಮತ್ತು ಹಿನ್ನೆಲೆ ಬಿಡಿಸಲು ಎರಡೂವರೆ, ಧ್ವನಿ ಜೋಡಣೆಗೆ ಒಂದು, ತಿದ್ದುಪಡಿಗೆ ಒಂದೂವರೆ. ಹನ್ನೆರಡು ದಿನಕ್ಕೆ 36,000. ಧ್ವನಿ ಕಲಾವಿದರಿಗೂ ಸಂಗೀತದ ಲೈಸೆನ್ಸಿಗೂ 4,000. ಮೇಲೆ ಶೇ 10 ಸೇರಿಸಿದರೆ 44,000.

‘ಉಚಿತ ಸಂಗೀತ’ ಎಂದು ಸುಮ್ನೆ ಇಳಿಸಿಕೊಳ್ಳಬೇಡಿ. ಎಷ್ಟೋ ಟ್ಯೂನುಗಳು ಜಾಹೀರಾತಿಗೆ ಉಚಿತವಲ್ಲ. ರೆಡಿಮೇಡ್ ಟೆಂಪ್ಲೇಟೂ ಬೇಡ, ಅದೇ ಕುಣಿಯುವ ಅಡುಗೆಭಟ್ಟ ಪಕ್ಕದ ಬೀದಿಯ ಬೇಕರಿಯಲ್ಲೂ ಕಾಣಿಸಿಕೊಳ್ಳುತ್ತಾನೆ.

ಅಂಗಡಿಯವರಿಗೆ ದಿನದ ಲೆಕ್ಕ ತೋರಿಸಬೇಡಿ, ‘ಇದಕ್ಯಾಕೆ ಒಂದೂವರೆ ದಿನ?’ ಎಂಬ ಚೌಕಾಸಿ ಶುರುವಾಗುತ್ತದೆ. ಒಟ್ಟು ಮೊತ್ತ ಬರೆಯಿರಿ. ಜಾಸ್ತಿ ಅಂದರೆ ದರ ಇಳಿಸದೆ ಕೆಲಸ ಇಳಿಸಿ. ಅಜ್ಜಿ ನಡೆಯದೆ ಕೌಂಟರ್ ಮುಂದೆ ನಿಂತಿರಲಿ, ಕಷ್ಟದ ಎರಡು ಶಾಟೂ ಸುಲಭವಾಗಲಿ, ಎರಡು ಹಿನ್ನೆಲೆ ಕಡಿಮೆಯಾಗಲಿ. ಮೂರು ದಿನ ಉಳಿದು ಮೊತ್ತ ಸುಮಾರು 34,000ಕ್ಕೆ ಬರುತ್ತದೆ.

ಕೊಟೇಶನ್ನಿನಲ್ಲಿ ತಿದ್ದುಪಡಿಯ ಸಾಲು ಇರಲೇಬೇಕು. ಒಮ್ಮೆ ಕೆಲಸ ಪೂರ್ತಿ ಮುಗಿದ ಮೇಲೆ ಒಬ್ಬ ಮಾಲೀಕರು ‘ಅಜ್ಜಿ ಬೇಡ, ನಮ್ಮ ತಂದೆಯವರನ್ನೇ ಹಾಕಿ’ ಎಂದರು. ನಾನು ಏನೂ ಬರೆದುಕೊಂಡಿರಲಿಲ್ಲ. ನಾಲ್ಕು ದಿನ ಬಿಟ್ಟಿ ದುಡಿದೆ. ಈಗ ಹೀಗೆ ಬರೆಯುತ್ತೇನೆ: ‘ಸ್ಟೋರಿಬೋರ್ಡ್ ಹಂತದಲ್ಲಿ ಎರಡು ಸಲ ಬದಲಾವಣೆ ಉಚಿತ. ಒಪ್ಪಿಗೆಯ ನಂತರ ಚಿತ್ರ ಬದಲಿಸಿದರೆ ದಿನಕ್ಕೆ 3,000.’ ಒಪ್ಪಿಗೆಯನ್ನು ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳುತ್ತೇನೆ.

ಸ್ಟೇಟಸ್ಸಿಗೆ ಉದ್ದ, ಟೀವಿಗೆ ಅಗಲ, ಎರಡೂ ಅಳತೆ ಬೇಕೇ ಎಂದು ಮೊದಲೇ ಕೇಳಿ. ಅಕ್ಷರಗಳ ಜಾಗವೇ ಬದಲಾಗುವುದರಿಂದ ಅದಕ್ಕೆ ಇನ್ನೊಂದು ದಿನ ಹಿಡಿಯಿರಿ. ಅರ್ಧ ದುಡ್ಡು ಶುರುವಿಗೆ ಮುಂಚೆ. ಉಳಿದದ್ದು ಕೈಸೇರುವ ತನಕ ವಿಡಿಯೋ ಮೇಲೆ ನಿಮ್ಮ ಹೆಸರಿನ ವಾಟರ್‌ಮಾರ್ಕ್ ಇರಲಿ.