ಫೋಟೊದಲ್ಲಿ ಬಂದ ರಕ್ತಪರೀಕ್ಷೆ ವರದಿ: ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು?

ಮನೆಯಲ್ಲಿ ಒಬ್ಬರು ನರ್ಸಿಂಗ್ ಓದಿದ್ದರೆ ಅಥವಾ ಔಷಧ ಅಂಗಡಿಯಲ್ಲಿ ಕೆಲಸಕ್ಕಿದ್ದರೆ ಸಾಕು, ನೆಂಟರಿಷ್ಟರ ರಕ್ತಪರೀಕ್ಷೆಯ ವರದಿಗಳೆಲ್ಲ ಫೋಟೊ ರೂಪದಲ್ಲಿ ಅವರ ಮೊಬೈಲಿಗೇ ಬಂದು ಬೀಳುತ್ತವೆ. ‘ಅಕ್ಕಾ, ತುಂಬ ಕಡೆ ದಪ್ಪ ಅಕ್ಷರ ಇದೆ, ಭಯ ಆಗ್ತಿದೆ’ ಎಂದು ಬರೆದವರಿಗೆ ‘ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳು’ ಎಂದಷ್ಟೇ ಉತ್ತರಿಸಿದರೆ ಅವರ ಭಯ ಕಡಿಮೆಯಾಗುವುದಿಲ್ಲ; ರೋಗದ ಹೆಸರು ಹೇಳಿಬಿಟ್ಟರೆ ಅವರು ವೈದ್ಯರ ಬಳಿಗೆ ಹೋಗದೇ ಇರಬಹುದು. ಸುಸ್ತು ಎಂದು ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸಿಕೊಂಡ 34 ವರ್ಷದ ಮಹಿಳೆಯೊಬ್ಬರ ವರದಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಈ ಎರಡರ ನಡುವೆ ಹೇಗೆ ಸಾಗಬಹುದು ಎಂಬುದನ್ನು ನೋಡೋಣ.

ಮೊದಲು ವರದಿಯ ತಲೆಭಾಗವನ್ನು ಓದಬೇಕು. ಹೆಸರು, ವಯಸ್ಸು, ಲಿಂಗ ಮತ್ತು ರಕ್ತ ತೆಗೆದ ದಿನಾಂಕ ಫೋಟೊದಲ್ಲಿ ಕಾಣದಿದ್ದರೆ ಇನ್ನೊಮ್ಮೆ ಕಳುಹಿಸುವಂತೆ ಕೇಳುವುದೇ ಸರಿ. ಹಾಳೆಯ ಬಲಗಡೆ ಕತ್ತರಿಸಿ ಹೋಗಿದ್ದರೆ ಸಾಮಾನ್ಯ ಮಿತಿಯ ಕಾಲಂ ಕಾಣುವುದಿಲ್ಲ. ಹಾಳೆ ಮಡಿಸಿದ ಜಾಗದಲ್ಲಿ ಒಂದು ಸಾಲಿನ ಅಂಕಿ ಪಕ್ಕದ ಸಾಲಿನದೆಂಬಂತೆ ಕಾಣುತ್ತದೆ. ಸಾಧ್ಯವಾದರೆ ಲ್ಯಾಬಿನವರು ಕಳುಹಿಸಿದ ಪಿಡಿಎಫ್ ಅನ್ನೇ ತರಿಸಿಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಹಿಮೋಗ್ಲೋಬಿನ್ 9.4, ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲನ್ನು ತಿಳಿಸುವ ಪಿಸಿವಿ 30.1, ಎಂಸಿವಿ 70, ಆರ್‌ಡಿಡಬ್ಲ್ಯು 18.2 ಎಂದು ಸ್ಪಷ್ಟವಾಗಿದೆ. ಕೆಂಪು ರಕ್ತಕಣಗಳ ಸಾಲಿನ ಮೇಲೆ ಮಾತ್ರ ಟ್ಯೂಬ್‌ಲೈಟಿನ ಬೆಳಕು ಬಿದ್ದು, ಅದು 4.3 ಇದೆಯೋ 4.8 ಇದೆಯೋ ತಿಳಿಯುತ್ತಿಲ್ಲ. ಇಲ್ಲಿ ಒಂದು ಸರಳ ಲೆಕ್ಕ ನೆರವಿಗೆ ಬರುತ್ತದೆ: ಪಿಸಿವಿಯನ್ನು ಕೆಂಪುಕಣಗಳ ಸಂಖ್ಯೆಯಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ ಎಂಸಿವಿ ಸಿಗಬೇಕು. 4.3 ಇಟ್ಟುಕೊಂಡರೆ ಸರಿಯಾಗಿ 70 ಬರುತ್ತದೆ, 4.8 ಇಟ್ಟುಕೊಂಡರೆ 63ರ ಆಸುಪಾಸು ಬರುತ್ತದೆ. ಆದ್ದರಿಂದ ಅಲ್ಲಿರುವುದು 4.3. ಲೆಕ್ಕ ಯಾವ ರೀತಿಯಲ್ಲೂ ಹೊಂದದಿದ್ದರೆ ಓದಿದ್ದರಲ್ಲೇ ತಪ್ಪಿದೆ ಎಂದು ತಿಳಿದು, ಅರ್ಥ ಹೇಳುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು.

ಇನ್ನು ಅರ್ಥ. ಸಾಮಾನ್ಯ ಮಿತಿಯನ್ನು ಹೆಚ್ಚಾಗಿ ನೂರು ಆರೋಗ್ಯವಂತರಲ್ಲಿ ತೊಂಬತ್ತೈದು ಮಂದಿ ಒಳಗೆ ಬರುವಂತೆ ಗುರುತಿಸಲಾಗುತ್ತದೆ. ಹಾಗಾಗಿ ಇಪ್ಪತ್ತು ಸಾಲುಗಳಿರುವ ವರದಿಯಲ್ಲಿ ಒಂದು ಅಂಕಿ ಕೂದಲೆಳೆಯಷ್ಟು ಆಚೀಚೆ ಇದ್ದರೆ ಅದು ಕಾಯಿಲೆಯ ಗುರುತೇ ಆಗಬೇಕಿಲ್ಲ. ನೋಡಬೇಕಾದದ್ದು ಹಲವು ಅಂಕಿಗಳು ಸೇರಿ ಒಂದೇ ಕಡೆಗೆ ಬೊಟ್ಟು ಮಾಡುತ್ತಿವೆಯೇ ಎಂಬುದನ್ನು. ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಎಂಸಿವಿ ಎಂದರೆ ಕೆಂಪುಕಣದ ಸರಾಸರಿ ಗಾತ್ರ. ಅದು 80ಕ್ಕಿಂತ ಕೆಳಗಿದ್ದರೆ ಕಣಗಳು ಚಿಕ್ಕವು. ಆರ್‌ಡಿಡಬ್ಲ್ಯು ಹೆಚ್ಚಿದ್ದರೆ ಆ ಕಣಗಳಲ್ಲಿ ಚಿಕ್ಕದು ದೊಡ್ಡದು ಬೆರೆತಿವೆ ಎಂದರ್ಥ. ಈ ಮೂರೂ ಒಟ್ಟಿಗೆ ಕಂಡಾಗ ಮೊದಲು ಅನುಮಾನ ಹೋಗುವುದು ಕಬ್ಬಿಣಾಂಶದ ಕೊರತೆಯ ಕಡೆಗೆ.

ಆದರೆ ಅದು ಅನುಮಾನ ಮಾತ್ರ. ಥಲಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಲ್ಲಿಯೂ ಕಣಗಳು ಚಿಕ್ಕವಾಗಿರುತ್ತವೆ. ಅವರಲ್ಲಿ ಕಣಗಳ ಸಂಖ್ಯೆ ಸಾಮಾನ್ಯವಾಗಿ ಕಡಿಮೆಯಾಗಿರುವುದಿಲ್ಲ, ಹೆಚ್ಚೇ ಇರಬಹುದು. ಎಂಸಿವಿಯನ್ನು ಕಣಗಳ ಸಂಖ್ಯೆಯಿಂದ ಭಾಗಿಸಿದಾಗ 13ಕ್ಕಿಂತ ಹೆಚ್ಚು ಬಂದರೆ ಕಬ್ಬಿಣದ ಕೊರತೆಯತ್ತ, ಕಡಿಮೆ ಬಂದರೆ ಥಲಸೇಮಿಯಾ ವಾಹಕತೆಯತ್ತ ವಾಲುವ ಸೂಚನೆಯೊಂದಿದೆ. ಇಲ್ಲಿ 16 ಬರುತ್ತದೆ. ಹಾಗಿದ್ದರೂ ಒಬ್ಬರಲ್ಲೇ ಎರಡೂ ಇರಬಹುದಾದ್ದರಿಂದ, ದೇಹದಲ್ಲಿ ಸಂಗ್ರಹವಾಗಿರುವ ಕಬ್ಬಿಣ ಎಷ್ಟೆಂದು ಅಂದಾಜಿಸುವ ಫೆರಿಟಿನ್ ಪರೀಕ್ಷೆಯೂ, ಅಗತ್ಯವಿದ್ದರೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆಯೂ ಆಗದೆ ತೀರ್ಮಾನವಿಲ್ಲ. ಕಬ್ಬಿಣ ಕಡಿಮೆಯಾದದ್ದು ಏಕೆ ಎಂಬುದನ್ನಂತೂ ಸಿಬಿಸಿ ಹೇಳುವುದೇ ಇಲ್ಲ: ಅತಿಯಾದ ಮುಟ್ಟಿನ ಸ್ರಾವವೇ, ಕೊಕ್ಕೆಹುಳುವೇ, ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ? ಇದೇ ಅಂಕಿಗಳು ಅರವತ್ತರ ಗಂಡಸಿನವಾಗಿದ್ದರೆ ಕೊನೆಯ ಪ್ರಶ್ನೆಯೇ ಮೊದಲು ಬರುತ್ತದೆ. ‘ದಾಳಿಂಬೆ, ಬೀಟ್‌ರೂಟ್ ತಿಂದರೆ ಸರಿಹೋಗುತ್ತದೆ’ ಎಂಬ ಉತ್ತರ ನನಗೆ ಅಪಾಯಕಾರಿಯಾಗಿ ಕಾಣುವುದು ಇದೇ ಕಾರಣಕ್ಕೆ.

ಉತ್ತರ ಬರೆಯುವ ಮೊದಲು ಒಂದು ಕರೆ ಮಾಡಿ. ಕುಳಿತಲ್ಲೇ ಉಸಿರು ಕಟ್ಟುವುದು, ಎದೆನೋವು, ತಲೆ ಸುತ್ತಿ ಬೀಳುವುದು, ಕಪ್ಪು ಮಲ, ನಿಲ್ಲದ ರಕ್ತಸ್ರಾವ ಇವುಗಳಲ್ಲಿ ಯಾವುದಾದರೂ ಇದ್ದರೆ ವರದಿಯ ವಿವರಣೆ ಬೇಡ, ಅಂದೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯಾಗಿರುವ ಸಾಧ್ಯತೆಯಿದೆಯೇ ಎಂದೂ ಕೇಳಿ, ಏಕೆಂದರೆ ಆಗ ಮಿತಿಗಳೇ ಬೇರೆ.

ಇವು ಯಾವುವೂ ಇಲ್ಲದಿದ್ದರೆ ಹೀಗೆ ಬರೆಯಬಹುದು: ‘ನಿನ್ನ ಹಿಮೋಗ್ಲೋಬಿನ್ ಕಡಿಮೆಯಿದೆ, ರಕ್ತಕಣಗಳು ಚಿಕ್ಕದಾಗಿವೆ. ಕಬ್ಬಿಣದ ಅಂಶ ಕಡಿಮೆಯಾದಾಗ ಹೀಗಾಗುವುದು ಸಾಮಾನ್ಯ, ಆದರೆ ಬೇರೆ ಕಾರಣಗಳೂ ಇರುತ್ತವೆ, ಫೋಟೊ ನೋಡಿ ನಾನು ಹೇಳಲಾರೆ. ಈ ವಾರದೊಳಗೆ ಡಾಕ್ಟರಿಗೆ ತೋರಿಸು. ಫೆರಿಟಿನ್ ಮಾಡಿಸಬೇಕೇ ಎಂದು ಕೇಳು. ಮುಟ್ಟು ಎಷ್ಟು ದಿನ ಇರುತ್ತದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯ ಎಂದು ಬರೆದುಕೊಂಡು ಹೋಗು. ಅಲ್ಲಿಯವರೆಗೆ ನೀನಾಗಿಯೇ ಕಬ್ಬಿಣದ ಮಾತ್ರೆ ಶುರುಮಾಡಬೇಡ, ಮುಂದಿನ ಪರೀಕ್ಷೆಯ ಅಂಕಿಗಳು ಬದಲಾಗಬಹುದು. ಹಳೆಯ ರಿಪೋರ್ಟ್ ಇದ್ದರೆ ಅದನ್ನೂ ತೆಗೆದುಕೊಂಡು ಹೋಗು.’